ಒಂದು ಚಪಾತಿಯಲ್ಲಿ ಎಷ್ಟು ಪ್ರೊಟೀನ್, ಎಷ್ಟು ಕೊಬ್ಬು, ಎಷ್ಟು ಕಾರ್ಬೋಹೈಡ್ರೇಟ್: ನಾನು ಲೆಕ್ಕ ಹಾಕುವ ರೀತಿ

ಚಪಾತಿಯ ಲೆಕ್ಕವನ್ನು ನಾನು ಎರಡು ಭಾಗ ಮಾಡಿಕೊಳ್ಳುತ್ತೇನೆ. ಪ್ರೊಟೀನ್ ಮತ್ತು ಕಾರ್ಬೋಹೈಡ್ರೇಟ್ ಉಂಡೆಯ ತೂಕದಲ್ಲೇ ತೀರ್ಮಾನವಾಗುತ್ತವೆ. ಅದೇ ಉಂಡೆಯನ್ನು ಸಣ್ಣದಾಗಿ ಲಟ್ಟಿಸಿದರೂ ದೊಡ್ಡದಾಗಿ ಲಟ್ಟಿಸಿದರೂ ಅವು ಬದಲಾಗುವುದಿಲ್ಲ. ಕೊಬ್ಬು ಹಾಗಲ್ಲ. ಅದರ ಬಹುಪಾಲು ಸವರುವ ಎಣ್ಣೆಯಿಂದ ಬರುತ್ತದೆ, ಎಣ್ಣೆ ಎಷ್ಟು ಹಿಡಿಯುತ್ತದೆ ಎನ್ನುವುದು ಚಪಾತಿಯ ಅಗಲವನ್ನು ಅವಲಂಬಿಸಿದೆ. ಹಾಗಾಗಿ ಹಿಟ್ಟಿಗೆ ತಕ್ಕಡಿ, ಎಣ್ಣೆಗೆ ತಕ್ಕಡಿಯ ಜೊತೆಗೆ ಅಳತೆಪಟ್ಟಿಯೂ ಬೇಕು.

ಹಿಟ್ಟಿಗೆ ನಾನು ಬಳಸುವುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕ. ಅದರ ಪ್ರಕಾರ 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ ಪ್ರೊಟೀನ್ ಸುಮಾರು 10.6 ಗ್ರಾಂ, ಕೊಬ್ಬು 1.5 ಗ್ರಾಂ, ಕಾರ್ಬೋಹೈಡ್ರೇಟ್ 64.2 ಗ್ರಾಂ, ನಾರು 11.4 ಗ್ರಾಂ. ಒಟ್ಟು 320 ಕ್ಯಾಲೊರಿ. ಹಿಟ್ಟಿನ ಪ್ಯಾಕೆಟ್ಟಿನ ಮೇಲೆ ಕಾರ್ಬೋಹೈಡ್ರೇಟ್ 75ರ ಆಸುಪಾಸು ಇದ್ದರೆ ಗಾಬರಿಯಾಗಬೇಕಿಲ್ಲ. ಅಲ್ಲಿ ನಾರನ್ನೂ ಸೇರಿಸಿ ಬರೆದಿರುತ್ತಾರೆ, 64.2ಕ್ಕೆ 11.4 ಕೂಡಿಸಿದರೆ ಅದೇ ಮೊತ್ತ ಬರುತ್ತದೆ. ಎರಡು ಕಡೆಯ ಅಂಕಿಗಳನ್ನು ಬೆರೆಸಬಾರದು, ಅಷ್ಟೇ. ಗಿರಣಿಯಲ್ಲಿ ಬೀಸಿಸಿದ ಹಿಟ್ಟನ್ನು ಜರಡಿ ಹಿಡಿದು ಬೂಸಾ ತೆಗೆಯುವ ಅಭ್ಯಾಸವಿದ್ದರೆ ಜರಡಿ ಹಿಡಿದ ಮೇಲೆ ತೂಗಬೇಕು. ಅಂಥ ಹಿಟ್ಟಿನಲ್ಲಿ ನಾರು ಕಡಿಮೆಯಾಗಿ ಕಾರ್ಬೋಹೈಡ್ರೇಟಿನ ಪಾಲು ಅಷ್ಟರ ಮಟ್ಟಿಗೆ ಏರುತ್ತದೆ ಎನ್ನುವುದೂ ನೆನಪಿರಲಿ.

ಈಗ ಹತ್ತು ಚಪಾತಿಯ ಒಂದು ಲೆಕ್ಕ. ನಮ್ಮ ಕಡೆ ಮಾಡುವ ಹಾಗೆ ಒಳಗೆ ಎಣ್ಣೆ ಸವರಿ, ಮಡಚಿ, ಮತ್ತೆ ಲಟ್ಟಿಸಿ, ಕಾವಲಿಯ ಮೇಲೆ ಎರಡೂ ಬದಿಗೆ ಎಣ್ಣೆ ಹಾಕಿ ಬೇಯಿಸುವ ಚಪಾತಿ.

ಹಿಟ್ಟು 300 ಗ್ರಾಂ, ನೀರು 190 ಗ್ರಾಂ, ಕಲಸುವಾಗ ಹಾಕುವ ಎಣ್ಣೆ 10 ಗ್ರಾಂ, ಉಪ್ಪು 4 ಗ್ರಾಂ. ಒಟ್ಟು 504 ಗ್ರಾಂ. ಅಂದರೆ ಕಲಸಿದ ಹಿಟ್ಟಿನ ಪ್ರತಿ ಗ್ರಾಮಿನಲ್ಲಿ ಒಣಹಿಟ್ಟು 0.595 ಗ್ರಾಂ, ಎಣ್ಣೆ 0.02 ಗ್ರಾಂ. ಪಾತ್ರೆಗೂ ಕೈಗೂ ಸ್ವಲ್ಪ ಅಂಟಿಕೊಂಡು ಹೋಗುತ್ತದೆ, ಆದರೆ ಹಾಗೆ ಹೋದದ್ದರಲ್ಲೂ ಹಿಟ್ಟು, ನೀರು ಅದೇ ಪ್ರಮಾಣದಲ್ಲಿರುವುದರಿಂದ ಈ ಅನುಪಾತ ಕೆಡುವುದಿಲ್ಲ. 50 ಗ್ರಾಮಿನ ಉಂಡೆ ಕಟ್ಟಿದರೆ ಅದರಲ್ಲಿ ಹಿಟ್ಟು 29.8 ಗ್ರಾಂ, ಎಣ್ಣೆ 1 ಗ್ರಾಂ. ನೀರನ್ನು ಅಂದಾಜಿನಲ್ಲಿ ಸುರಿದರೆ ಈ ಲೆಕ್ಕವೇ ನಿಲ್ಲುವುದಿಲ್ಲ. ಅದಕ್ಕೇ ನೀರನ್ನೂ ತೂಗುತ್ತೇನೆ. ಮೆತ್ತಗೆ ಕಲಸಿದ ಹಿಟ್ಟಿನ 50 ಗ್ರಾಂ ಉಂಡೆಗೂ ಗಟ್ಟಿ ಹಿಟ್ಟಿನ 50 ಗ್ರಾಂ ಉಂಡೆಗೂ ಎರಡು ಗ್ರಾಂ ಹಿಟ್ಟಿನ ವ್ಯತ್ಯಾಸ ಸುಲಭವಾಗಿ ಬರುತ್ತದೆ.

ಬಹಳ ಜನ ಬಿಟ್ಟುಬಿಡುವುದು ಲಟ್ಟಿಸುವಾಗ ಅದ್ದುವ ಒಣಹಿಟ್ಟನ್ನು. ಆ ತಟ್ಟೆಯನ್ನು ಮೊದಲು ತೂಗಿ, ಹತ್ತೂ ಲಟ್ಟಿಸಿದ ಮೇಲೆ ಮಣೆಯ ಮೇಲೆ ಉದುರಿದ್ದನ್ನು ಮತ್ತೆ ತಟ್ಟೆಗೆ ಬಳಿದು ಇನ್ನೊಮ್ಮೆ ತೂಗುತ್ತೇನೆ. ಈ ಲೆಕ್ಕದಲ್ಲಿ 20 ಗ್ರಾಂ ಖರ್ಚು, ಅಂದರೆ ಚಪಾತಿಗೆ 2 ಗ್ರಾಂ. ಹಿಟ್ಟು ಅಂಟುಅಂಟಾಗಿದ್ದರೆ ಇದು ಇನ್ನೂ ಹೆಚ್ಚಾಗುತ್ತದೆ. ಕಾವಲಿಯ ಮೇಲೆ ಉದುರಿ ಕರಕಲಾಗುವ ಹಿಟ್ಟು ಹೊಟ್ಟೆಗೆ ಹೋಗದಿದ್ದರೂ ಅದನ್ನು ಬೇರೆ ಮಾಡಲು ಹೋಗುವುದಿಲ್ಲ. ಅಷ್ಟು ಸೂಕ್ಷ್ಮ ಬೇಕಿಲ್ಲ. ಹೀಗೆ ಒಂದು ಚಪಾತಿಗೆ ಒಟ್ಟು ಹಿಟ್ಟು 31.8 ಗ್ರಾಂ. ಅದರಿಂದ ಪ್ರೊಟೀನ್ 3.4 ಗ್ರಾಂ, ಕಾರ್ಬೋಹೈಡ್ರೇಟ್ 20.4 ಗ್ರಾಂ, ನಾರು 3.6 ಗ್ರಾಂ, ಹಿಟ್ಟಿನದೇ ಕೊಬ್ಬು ಅರ್ಧ ಗ್ರಾಂ.

ಇನ್ನು ಎಣ್ಣೆ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಕೆಳಗೆ ತೋರಿಸುವುದಿಲ್ಲ. ಒಂದೊಂದು ಚಪಾತಿಯ ಎಣ್ಣೆಯನ್ನು ಬೇರೆಬೇರೆ ತೂಗಿದರೆ ಮೂರು ಗ್ರಾಮಿನಲ್ಲಿ ಒಂದು ಗ್ರಾಂ ಆಚೀಚೆಯಾಗಬಹುದು. ಆದ್ದರಿಂದ ಎಣ್ಣೆ ಬಟ್ಟಲನ್ನು ಚಮಚದ ಸಮೇತ ಮೂರು ಸಲ ತೂಗುವುದು ಒಳ್ಳೆಯದು: ಶುರುವಿನಲ್ಲಿ, ಎಲ್ಲ ಲಟ್ಟಿಸಿ ಮುಗಿದಾಗ, ಎಲ್ಲ ಬೇಯಿಸಿ ಮುಗಿದಾಗ. ಬಟ್ಟಲು 142ರಿಂದ 126ಕ್ಕೆ, ಅಲ್ಲಿಂದ 96ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಮಡಿಕೆಯ ಒಳಗೆ ಹೋದದ್ದು ಚಪಾತಿಗೆ 1.6 ಗ್ರಾಂ, ಹೊರಗೆ ಸವರಿದ್ದು 3 ಗ್ರಾಂ. ಕಲಸಿದ ಎಣ್ಣೆ 1 ಗ್ರಾಂ, ಹಿಟ್ಟಿನ ಕೊಬ್ಬು 0.5 ಗ್ರಾಂ ಸೇರಿಸಿದರೆ ಒಟ್ಟು ಕೊಬ್ಬು 6.1 ಗ್ರಾಂ. ಎಣ್ಣೆಯ ಪ್ರತಿ ಗ್ರಾಮಿಗೆ 9 ಕ್ಯಾಲೊರಿ, ಹಾಗಾಗಿ 5.6 ಗ್ರಾಂ ಎಣ್ಣೆಗೆ 50; ಹಿಟ್ಟಿನದು 102. ಚಪಾತಿಗೆ 152 ಕ್ಯಾಲೊರಿ, ಅದರಲ್ಲಿ ಮೂರನೇ ಒಂದು ಪಾಲು ಎಣ್ಣೆಯದು. ಎಣ್ಣೆ ಹಾಕದೆ ಕಲಸಿ, ಸವರದೆ ಬೇಯಿಸಿದ ಫುಲ್ಕದಲ್ಲಿ ಇಷ್ಟೇ ಹಿಟ್ಟಿದ್ದರೆ ಪ್ರೊಟೀನ್ ಅಷ್ಟೇ ಇರುತ್ತದೆ, ಕ್ಯಾಲೊರಿ 102ಕ್ಕೆ ನಿಲ್ಲುತ್ತದೆ.

ಅಗಲ ಲೆಕ್ಕಕ್ಕೆ ಬರುವುದು ಇಲ್ಲಿ. ಮೇಲಿನ ಚಪಾತಿ 18 ಸೆಂ.ಮೀ. ಅಗಲದ್ದು. ಅದೇ ಉಂಡೆಯನ್ನು 15 ಸೆಂ.ಮೀ.ಗೆ ನಿಲ್ಲಿಸಿದರೆ ಮೇಲ್ಮೈ ಸುಮಾರು ಮೂವತ್ತು ಶೇಕಡಾ ಕಡಿಮೆಯಾಗುತ್ತದೆ, ಏಕೆಂದರೆ 15ರ ವರ್ಗ 225, 18ರ ವರ್ಗ 324. ಅಷ್ಟೇ ತೆಳುವಾಗಿ ಸವರಿದರೆ ಹೊರಗಿನ ಎಣ್ಣೆ 3 ಗ್ರಾಮಿನಿಂದ 2.1ಕ್ಕೆ ಇಳಿಯುತ್ತದೆ. ಚಮಚದಿಂದ ಸುರಿಯುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರ ಎಣ್ಣೆ ಅಗಲ ನೋಡುವುದಿಲ್ಲ, ಚಮಚ ನೋಡುತ್ತದೆ: ತುಂಬಿದ 5 ಮಿ.ಲೀ. ಚಮಚ ಎಂದರೆ ಸುಮಾರು 4.6 ಗ್ರಾಂ. ತುಪ್ಪವನ್ನು ಎಣ್ಣೆಯ ಹಾಗೇ ಲೆಕ್ಕ ಹಾಕಬಹುದು. ಬೆಣ್ಣೆಯಲ್ಲಿ ನೀರೂ ಇರುವುದರಿಂದ ಅದರ ತೂಕದ ಐದರಲ್ಲಿ ನಾಲ್ಕು ಪಾಲಷ್ಟೇ ಕೊಬ್ಬು.

ಬೆಂದ ಚಪಾತಿಯನ್ನು ತೂಗಿ ಹಿಟ್ಟಿನ ಅಂಕಿಯಿಂದ ಗುಣಿಸುವುದು ಸಾಮಾನ್ಯವಾಗಿ ಆಗುವ ದೊಡ್ಡ ತಪ್ಪು. 45 ಗ್ರಾಂ ತೂಗುವ ಬೆಂದ ಚಪಾತಿಯನ್ನು 45 ಗ್ರಾಂ ಹಿಟ್ಟೆಂದು ತೆಗೆದುಕೊಂಡರೆ ಪ್ರೊಟೀನ್ 4.8 ಗ್ರಾಂ ಎಂದು ಬರುತ್ತದೆ, ಇರುವುದು 3.4. ಬೇಯುವಾಗ ನೀರಿನ ಒಂದಷ್ಟು ಭಾಗ ಮಾತ್ರ ಆವಿಯಾಗುತ್ತದೆ. ಉಳಿದದ್ದು ಚಪಾತಿಯಲ್ಲೇ ಇದ್ದು ಅದನ್ನು ಮೆತ್ತಗೆ ಇಡುತ್ತದೆ, ಆ ನೀರೂ ಎಣ್ಣೆಯೂ ತಕ್ಕಡಿಯಲ್ಲಿ ತೂಗುತ್ತವೆ. ಒಣಗುವವರೆಗೆ ಬೇಯಿಸಿದ್ದರೆ ಅದೇ ಚಪಾತಿ ಹಗುರ.

ತೂಗಲು ಆಗದ ಕಡೆ, ಮನೆಯ ಚಪಾತಿಯೇ ಅಳತೆಗೋಲು. 50 ಗ್ರಾಂ ಉಂಡೆ 18 ಸೆಂ.ಮೀ. ಹರಡಿದಾಗ ಒಂದು ಚದರ ಸೆಂ.ಮೀ.ಗೆ ಕಲಸಿದ ಹಿಟ್ಟು ಹತ್ತಿರಹತ್ತಿರ 0.2 ಗ್ರಾಂ. ಅಷ್ಟೇ ದಪ್ಪದ 20 ಸೆಂ.ಮೀ. ಚಪಾತಿಗೆ ಸುಮಾರು 62 ಗ್ರಾಂ ಉಂಡೆ ಬೇಕು, ಅಂದರೆ 37 ಗ್ರಾಂ ಹಿಟ್ಟು, ಸುಮಾರು 4 ಗ್ರಾಂ ಪ್ರೊಟೀನ್. ಆದರೆ ದಪ್ಪ ಒಂದೇ ಇದ್ದರೆ ಮಾತ್ರ. ಅರ್ಧ ಮಿಲಿಮೀಟರ್ ಹೆಚ್ಚಾದರೂ ಹಿಟ್ಟು ಮೂವತ್ತು ಶೇಕಡಾದಷ್ಟು ಏರುತ್ತದೆ, ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ಹೊರಗಿನ ಚಪಾತಿಯನ್ನು ನಮ್ಮದರ ಜೊತೆ ಹೋಲಿಸುವಾಗ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತೇನೆ. ಅಂಚು ದಪ್ಪವೆನಿಸಿದರೆ ಹಿಟ್ಟಿನ ಅಂದಾಜನ್ನು ಮೂರನೇ ಒಂದರಷ್ಟು ಹೆಚ್ಚಿಸಿಕೊಳ್ಳುತ್ತೇನೆ, ಎಣ್ಣೆಯ ಅಂದಾಜನ್ನು ಅಗಲಕ್ಕೆ ತಕ್ಕಂತೆ ಬೇರೆಯೇ ಹಾಕುತ್ತೇನೆ.