ಪಾಠದ ಹೆಸರಿಲ್ಲದ ಲೆಕ್ಕದ ಹಾಳೆ: ಹತ್ತನೇ ತರಗತಿಗೆ ಮಿಶ್ರ ಅಭ್ಯಾಸ ತಯಾರಿಸುವುದು ಹೇಗೆ?

ಹೋದ ವರ್ಷ ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ ಒಬ್ಬ ಹುಡುಗ ನನ್ನೆದುರು ಕೂತು ಏಣಿಯ ಲೆಕ್ಕ ಮಾಡುತ್ತಿದ್ದ. 10 ಮೀಟರ್ ಉದ್ದದ ಏಣಿ. ಬುಡ ಗೋಡೆಯಿಂದ 6 ಮೀಟರ್ ದೂರದಲ್ಲಿದೆ. ತುದಿ ಎಷ್ಟು ಎತ್ತರಕ್ಕೆ ಮುಟ್ಟುತ್ತದೆ? ಚಿತ್ರ ಸರಿಯಾಗಿಯೇ ಬರೆದ. ಪಕ್ಕದಲ್ಲಿ tan θ ಅಂತ ಬರೆದ. ಪೆನ್ನು ಅಲ್ಲೇ ನಿಂತಿತು.

“ಮಿಸ್, ಕೋನಾನೇ ಕೊಟ್ಟಿಲ್ಲ. ಇದು ಯಾವ ಪಾಠದ್ದು?”

“ಪೈಥಾಗೊರಸ್ ಪ್ರಮೇಯದ್ದು ಕಣೋ” ಅಂದೆ. ಅರ್ಧ ನಿಮಿಷಕ್ಕೆ 8 ಮೀಟರ್ ಅಂತ ಬರೆದು ತೋರಿಸಿದ. ಪ್ರಮೇಯ ಅವನಿಗೆ ಬಾಯಿಪಾಠ ಬರುತ್ತಿತ್ತು. ಈ ಲೆಕ್ಕಕ್ಕೆ ಅದೇ ಬೇಕು ಅನ್ನುವುದು ಮಾತ್ರ ಹೊಳೆದಿರಲಿಲ್ಲ.

ತಪ್ಪು ಅವನದಲ್ಲ. ‘ವರ್ಗಸಮೀಕರಣಗಳು’ ಅನ್ನುವ ತಲೆಬರಹದ ಕೆಳಗೆ ಹದಿನೈದು ಲೆಕ್ಕ ಕೊಟ್ಟರೆ ಹದಿನೈದಕ್ಕೂ ವರ್ಗಸಮೀಕರಣವೇ ಬೇಕು ಅಂತ ಮಗುವಿಗೆ ಮೊದಲೇ ಗೊತ್ತು. ಯಾವ ದಾರಿ ಹಿಡಿಯಬೇಕು ಅಂತ ಯೋಚಿಸುವ ಕೆಲಸವನ್ನು ತಲೆಬರಹವೇ ಮಾಡಿ ಮುಗಿಸಿರುತ್ತದೆ. ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ. ಅದಕ್ಕೇ ಬೇರೆ ಬೇರೆ ಪಾಠಗಳ ಲೆಕ್ಕ ಬೆರೆಸಿದ ಹಾಳೆ ಬೇಕು. ಆದರೆ ಸುಮ್ನೆ ಬೆರೆಸಿದರೆ ಸಾಲದು. ಹಾಗೆ ಬೆರೆಸಿ, ಏನೂ ಪ್ರಯೋಜನ ಆಗಲಿಲ್ಲ ಅಂದವರನ್ನು ತುಂಬಾ ಜನ ನೋಡಿದ್ದೇನೆ.

ಮೊದಲು: ಹೊಸ ಪಾಠವನ್ನು ಬೆರೆಸಬೇಡಿ

ಪಾಠ ಮುಗಿದ ದಿನ ಅದರದೇ ನಾಲ್ಕೈದು ಲೆಕ್ಕ ಮಾಡಿಸಿ. ಸೂತ್ರ ಕೈಗೆ ಹತ್ತಲಿ. ಉಳಿದ ಲೆಕ್ಕಗಳನ್ನು ಅವತ್ತೇ ಮಾಡಿಸದೆ ಮುಂದಿನ ವಾರಗಳಿಗೆ ಎತ್ತಿಡಿ. ಅಭ್ಯಾಸದಲ್ಲಿ ಹನ್ನೆರಡು ಲೆಕ್ಕ ಇದ್ದರೆ ನಾಲ್ಕು ಇವತ್ತು, ಎಂಟು ಆಮೇಲಿನ ಹಾಳೆಗಳಿಗೆ. ಇದಕ್ಕಾಗಿ ಹೊಸ ಪುಸ್ತಕ ಕೊಳ್ಳುವುದು ಬೇಡ, ಪಠ್ಯಪುಸ್ತಕದ ಲೆಕ್ಕಗಳೇ ಸಾಕು.

ಎರಡನೆಯದು: ಚೀಟಿ

ಒಂದು ಚೀಟಿಗೆ ಒಂದೇ ಲೆಕ್ಕ ಬರೆಯಿರಿ. ಪಾಠದ ಹೆಸರು ಮತ್ತು ಉತ್ತರ ಹಿಂಬದಿಗಿರಲಿ. ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿದರೆ ಆಯಿತು.

ಮೂರನೆಯದು: ಒಂದೇ ಥರ ಕಾಣುವ ಲೆಕ್ಕಗಳನ್ನು ಹುಡುಕುವುದು

ಹೆಚ್ಚಿನವರು ಎಡವುವುದು ಇಲ್ಲೇ. ಸಂಭವನೀಯತೆಯದೊಂದು, ವೃತ್ತದ ಸ್ಪರ್ಶಕದ್ದೊಂದು, ಬಹುಪದೋಕ್ತಿಯದೊಂದು ಲೆಕ್ಕ ಹಾಕಿ ‘ಮಿಶ್ರ ಹಾಳೆ’ ಅನ್ನುತ್ತಾರೆ. ದಾಳ ಎಸೆಯುವ ಲೆಕ್ಕವನ್ನು ಯಾವ ಮಗುವೂ ಸ್ಪರ್ಶಕದ ಲೆಕ್ಕ ಅಂದುಕೊಳ್ಳುವುದಿಲ್ಲ. ಅಂಥ ಹಾಳೆಯಿಂದ ಹಳೇ ಪಾಠ ನೆನಪಾಗುತ್ತದೆ, ಅಷ್ಟು ಲಾಭ ಇದೆ. ಆದರೆ ಇದಕ್ಕೆ ಇದೇ ದಾರಿ ಅಂತ ಆರಿಸುವ ಅಭ್ಯಾಸ ಆಗುವುದಿಲ್ಲ. ನಮಗೆ ಬೇಕಾದ್ದು ಮೇಲ್ನೋಟಕ್ಕೆ ಅಣ್ಣತಮ್ಮಂದಿರ ಹಾಗೆ ಕಂಡು, ಬಿಡಿಸುವ ದಾರಿ ಬೇರೆ ಇರುವ ಲೆಕ್ಕಗಳು.

ಒಂದು ಗುಂಪು ನೋಡಿ:

ಎರಡು ಸಂಖ್ಯೆಗಳ ಮೊತ್ತ 27, ವ್ಯತ್ಯಾಸ 3. ಸಂಖ್ಯೆಗಳು ಯಾವುವು?

ಎರಡು ಸಂಖ್ಯೆಗಳ ಮೊತ್ತ 27, ಗುಣಲಬ್ಧ 182. ಸಂಖ್ಯೆಗಳು ಯಾವುವು?

ಮೂರು ಸಂಖ್ಯೆಗಳು ಸಮಾನ ಅಂತರದಲ್ಲಿವೆ. ಮೊತ್ತ 27, ಗುಣಲಬ್ಧ 648. ಸಂಖ್ಯೆಗಳು ಯಾವುವು?

ಮೊದಲನೆಯದು ರೇಖಾತ್ಮಕ ಸಮೀಕರಣಗಳ ಜೋಡಿ, ಉತ್ತರ 15 ಮತ್ತು 12. ಎರಡನೆಯದು ವರ್ಗಸಮೀಕರಣ, 13 ಮತ್ತು 14. ಮೂರನೆಯದು ಸಮಾಂತರ ಶ್ರೇಢಿ. ಮೂರು ಪದಗಳನ್ನು a−d, a, a+d ಅಂತ ಇಟ್ಟುಕೊಂಡರೆ ಮೊತ್ತದಿಂದಲೇ a = 9 ಸಿಗುತ್ತದೆ. ಆಮೇಲೆ 9(81−d²) = 648, ಅಂದರೆ d² = 9. ಸಂಖ್ಯೆಗಳು 6, 9, 12. ಮೂರರಲ್ಲೂ 27 ಇದೆ, ಮೂರರಲ್ಲೂ ಪ್ರಶ್ನೆ ಒಂದೇ. ದಾರಿ ತಿಳಿಯಬೇಕಾದರೆ ಲೆಕ್ಕವನ್ನು ಕೊನೇತನಕ ಓದಲೇಬೇಕು.

ಏಣಿಯ ಹುಡುಗನಿಗೆ ಆಮೇಲೆ ಮಾಡಿಕೊಟ್ಟ ಗುಂಪು ಹೀಗಿತ್ತು:

10 ಮೀ ಏಣಿಯ ಬುಡ ಗೋಡೆಯಿಂದ 6 ಮೀ ದೂರದಲ್ಲಿದೆ. ತುದಿ ಎಷ್ಟು ಎತ್ತರದಲ್ಲಿದೆ?

10 ಮೀ ಏಣಿ ನೆಲದ ಜೊತೆ 60° ಕೋನ ಮಾಡುತ್ತದೆ. ಬುಡ ಗೋಡೆಯಿಂದ ಎಷ್ಟು ದೂರದಲ್ಲಿದೆ?

6 ಮೀ ಕಂಬದ ನೆರಳು 8 ಮೀ ಇದೆ. ಅದೇ ಹೊತ್ತಿಗೆ ಪಕ್ಕದ ತೆಂಗಿನಮರದ ನೆರಳು 20 ಮೀ. ಮರದ ಎತ್ತರ ಎಷ್ಟು?

(−2, 1) ಮತ್ತು (4, 9) ಬಿಂದುಗಳ ನಡುವಿನ ದೂರ ಎಷ್ಟು?

ಉತ್ತರಗಳು 8 ಮೀ, 5 ಮೀ, 15 ಮೀ, 10 ಮಾನ. ಕ್ರಮವಾಗಿ ಪೈಥಾಗೊರಸ್, ತ್ರಿಕೋನಮಿತಿ, ತ್ರಿಭುಜಗಳ ಸಮರೂಪತೆ, ನಿರ್ದೇಶಾಂಕ ರೇಖಾಗಣಿತ. 6, 8, 10 ಅನ್ನುವ ಸಂಖ್ಯೆಗಳು ಬೇಕಂತಲೇ ತಿರುಗಿ ತಿರುಗಿ ಬರುವಂತೆ ಮಾಡಿದ್ದೇನೆ. ಇಲ್ಲದಿದ್ದರೆ 6 ಮತ್ತು 10 ಕಂಡ ಕೂಡಲೇ ಪೈಥಾಗೊರಸ್ ಅಂತ ಮಕ್ಕಳು ಸಂಖ್ಯೆ ನೋಡಿಯೇ ಹೇಳಿಬಿಡುತ್ತಾರೆ. ನಾಲ್ಕನೆಯದು ಬೇರೆಯದರಂತೆ ಕಂಡರೂ ಒಳಗೆ ಪೈಥಾಗೊರಸ್ಸೇ. ಅದನ್ನು ತಾನಾಗಿಯೇ ಗುರುತಿಸಿದ ಮಗುವಿಗೆ ದೂರದ ಸೂತ್ರ ಮರೆಯುವುದು ಕಷ್ಟ.

ಲೆಕ್ಕ ಆರಿಸಿದ ಮೇಲೆ ಸುಳಿವುಗಳನ್ನು ಅಳಿಸಬೇಕು. ತಲೆಬರಹ ತೆಗೆಯುವುದು ಎಲ್ಲರಿಗೂ ಹೊಳೆಯುತ್ತದೆ. ಲೆಕ್ಕದ ಕೊನೆಯ ‘√3 = 1.73 ಎಂದು ತೆಗೆದುಕೊಳ್ಳಿ’ ಅನ್ನುವ ಸಾಲು ಹಾಗೇ ಉಳಿದುಬಿಡುತ್ತದೆ. ಅದನ್ನು ಓದಿದ ಮಗು ಲೆಕ್ಕ ಓದದೆಯೇ ತ್ರಿಕೋನಮಿತಿ ಅನ್ನುತ್ತದೆ. ‘π = 22/7’ ಕೂಡ ಹಾಗೇ. ಇವೆರಡನ್ನೂ ಹಾಳೆಯ ತಲೆಯಲ್ಲಿ ಒಂದೇ ಸಲ, ಎಲ್ಲಾ ಲೆಕ್ಕಗಳಿಗೂ ಸೇರಿಸಿ ಬರೆದುಬಿಡಿ. ‘ಸಮಾಂತರ ಶ್ರೇಢಿಯಲ್ಲಿರುವ’ ಅನ್ನುವ ಬದಲು ‘ಮೊದಲ ಸಾಲಿನಲ್ಲಿ 20 ಸಸಿ, ಆಮೇಲೆ ಪ್ರತಿ ಸಾಲಿಗೂ 3 ಜಾಸ್ತಿ’ ಅನ್ನಿ. ಚಿತ್ರ ಕೊಡಬೇಡಿ, ಮಗುವೇ ಬರೆಯಲಿ. ‘ಉನ್ನತ ಕೋನ’ ಅನ್ನುವ ಮಾತನ್ನು ಮಾತ್ರ ಬಿಡಲು ಆಗುವುದಿಲ್ಲ, ಪರೀಕ್ಷೆಯಲ್ಲೂ ಅದೇ ಬರುತ್ತದೆ. ಅದು ಇರಲಿ.

ಇಲ್ಲಿ ಗೈಡುಗಳ ಬಗ್ಗೆ ಒಂದು ಮಾತು. ಪಾಠದ ಕೊನೆಯಲ್ಲಿ ‘ಮಿಶ್ರ ಅಭ್ಯಾಸ’ ಅಂತ ಕೊಟ್ಟಿರುತ್ತಾರಲ್ಲ, ಅದರಲ್ಲಿ ಬೆರೆಸಿರುವುದು ಬಹಳ ಸಲ ಅದೇ ಪಾಠದ ಲೆಕ್ಕಗಳನ್ನು. ಅದು ನಮ್ಮ ಕೆಲಸಕ್ಕೆ ಬರುವುದಿಲ್ಲ. ಹಳೇ ಪ್ರಶ್ನೆಪತ್ರಿಕೆ ಕೊಟ್ಟರಾಯಿತಲ್ವಾ ಅನ್ನುತ್ತಾರೆ. ಜನವರಿಯಿಂದ ಆಚೆಗೆ ಸರಿ. ಆಗಸ್ಟ್‌ನಲ್ಲಿ ಕೊಟ್ಟರೆ ಅರ್ಧ ಲೆಕ್ಕ ಇನ್ನೂ ಕಲಿಯದ ಪಾಠದವು. ಮುಗಿಸದ ಪಾಠದ ಲೆಕ್ಕ ಒಂದೂ ಹಾಳೆಯಲ್ಲಿ ಇರಬಾರದು.

ನಾಲ್ಕನೆಯದು: ಜೋಡಿಸುವುದು

ಹತ್ತು ಲೆಕ್ಕ ಸಾಕು, ವಾರಕ್ಕೆ ಎರಡು ಹಾಳೆ. ಚೀಟಿ ಕಲಸಿ ಬಂದ ಹಾಗೆ ಬರೆಯಬೇಡಿ. ಹಾಗೆ ಮಾಡಿದರೆ ಒಂದೇ ಪಾಠದ ಮೂರು ಲೆಕ್ಕ ಸಾಲಾಗಿ ಬಂದುಬಿಡಬಹುದು, ಎರಡನೆಯದಕ್ಕೆ ಮಗು ಯೋಚನೆ ಮಾಡುವುದನ್ನೇ ನಿಲ್ಲಿಸುತ್ತದೆ. ಒಂದೇ ಪಾಠದ ಎರಡು ಲೆಕ್ಕ ಪಕ್ಕಪಕ್ಕ ಇರಬಾರದು. ಒಂದೇ ಥರ ಕಾಣುವ ಬೇರೆ ಪಾಠದವು ಪಕ್ಕಪಕ್ಕ ಇರಬೇಕು. ಏಣಿಯ ಎರಡು ಲೆಕ್ಕ ಒಂದರ ಹಿಂದೆ ಒಂದು ಬಂದಾಗಲೇ ವ್ಯತ್ಯಾಸ ಕಣ್ಣಿಗೆ ಬೀಳುವುದು. ಕೊಡುವ ಮುಂಚೆ ಹತ್ತನ್ನೂ ನೀವೇ ಒಮ್ಮೆ ಬಿಡಿಸಿ. ನೆರಳಿನ ಲೆಕ್ಕವನ್ನು tan ಬಳಸಿಯೂ ಮಾಡಬಹುದು: ಎರಡೂ ಕಡೆ ಸೂರ್ಯನ ಕೋನ ಒಂದೇ, tan θ = 6/8. ಹಾಗೆ ಮಾಡಿದ ಮಗುವಿಗೆ ತಪ್ಪು ಹಾಕಿಬಿಟ್ಟೀರಿ, ಜೋಕೆ.

ಐದನೆಯದು: ಮಾಡಿಸುವುದು ಮತ್ತು ತಿದ್ದುವುದು

ಹಾಳೆಯ ಎಡಕ್ಕೆ ‘ದಾರಿ’ ಅಂತ ಒಂದು ಅಂಕಣ ಬಿಡಿ. ಲೆಕ್ಕ ಶುರು ಮಾಡುವ ಮುಂಚೆ ಮಗು ಅಲ್ಲಿ ಎರಡು ಪದ ಬರೆಯಬೇಕು: ‘ಸಮರೂಪ ತ್ರಿಭುಜ’ ಅಂತಲೋ, ‘ವರ್ಗಸಮೀಕರಣ’ ಅಂತಲೋ. ಇದನ್ನು ಬಿಡಲೇಬೇಡಿ. ತಿದ್ದುವಾಗ ದಾರಿಗೊಂದು, ಉತ್ತರಕ್ಕೊಂದು ಗುರುತು ಹಾಕಿ. ದಾರಿ ಸರಿ, ಉತ್ತರ ತಪ್ಪು ಅಂದರೆ ಕೂಡಿಸಿ ಕಳೆಯುವುದರಲ್ಲಿ ಎಡವಟ್ಟು. ಅದಕ್ಕೆ ಆ ಪಾಠದ ಲೆಕ್ಕಗಳನ್ನೇ ಇನ್ನಷ್ಟು ಮಾಡಿಸಬೇಕು. ದಾರಿಯೇ ತಪ್ಪಿದ್ದರೆ ಯಾವುದನ್ನು ಯಾವುದು ಅಂದುಕೊಂಡಿತು ಅಂತ ಬರೆದಿಟ್ಟುಕೊಳ್ಳಿ. ಆ ಜೋಡಿ ಮುಂದಿನ ಹಾಳೆಯಲ್ಲಿ ಸಂಖ್ಯೆ ಬದಲಾಗಿ ಮತ್ತೆ ಬರಬೇಕು.

ಮಗು ಸಿಕ್ಕಿಕೊಂಡರೆ ಪಾಠದ ಹೆಸರು ಹೇಳಬೇಡಿ. ನಾನು ಅವತ್ತು ಮಾಡಿದ ತಪ್ಪು ಅದೇ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಕೇಳಿ. “ಎರಡು ಬಾಹು ಕೊಟ್ಟಿದ್ದಾರೆ, ಮೂರನೇದು ಕೇಳಿದ್ದಾರೆ, ಕೋನ ಇಲ್ಲ” ಅಂತ ಅದರ ಬಾಯಲ್ಲೇ ಬಂದರೆ ದಾರಿ ಅರ್ಧ ಸಿಕ್ಕಿದ ಹಾಗೆ.

ಮೊದಲ ಮೂರು ನಾಲ್ಕು ಹಾಳೆಗಳಲ್ಲಿ ಅಂಕ ಇಳಿಯುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. 2007ರಲ್ಲಿ ಅಮೆರಿಕದ ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯದ ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಆಗಿತ್ತು. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಅಪರೂಪದ ಘನಾಕೃತಿಗಳ ಘನಫಲ ಕಲಿಸಿದರು. ಒಂದೊಂದೇ ಆಕೃತಿಯ ಲೆಕ್ಕ ಮಾಡಿದವರು ಅಭ್ಯಾಸದಲ್ಲಿ ಶೇ 89ರಷ್ಟು ಸರಿ ಮಾಡಿದರು, ಬೆರೆಸಿ ಮಾಡಿದವರು ಶೇ 60. ಒಂದು ವಾರದ ಮೇಲೆ ಪರೀಕ್ಷೆ ಇಟ್ಟಾಗ ಒಂದೊಂದೇ ಮಾಡಿದವರು ಶೇ 20ಕ್ಕೆ ಇಳಿದರು, ಬೆರೆಸಿ ಮಾಡಿದವರು ಶೇ 63ರಲ್ಲಿ ನಿಂತರು. ಹಾಳೆಯಲ್ಲಿ ಹತ್ತಕ್ಕೆ ಆರು ಬಂತು ಅಂತ ಗಾಬರಿಯಾಗಿ ಮತ್ತೆ ಒಂದೊಂದೇ ಪಾಠಕ್ಕೆ ವಾಪಸ್ ಹೋಗುವವರೇ ಜಾಸ್ತಿ. ಆದರೆ ಹತ್ತಕ್ಕೆ ಎರಡು ಮೂರು ಮಾತ್ರ ಬರುತ್ತಿದ್ದರೆ ಅದು ಬೇರೆ ಮಾತು. ಆಗ ಪಾಠವೇ ಬಂದಿಲ್ಲ, ಮೊದಲಿನ ನಾಲ್ಕೈದು ಲೆಕ್ಕಗಳಿಗೆ ಹಿಂತಿರುಗಿ.

ಒಂದು ಗುಂಪಿನ ‘ದಾರಿ’ ಅಂಕಣ ಸಾಲಾಗಿ ಮೂರು ಹಾಳೆಗಳಲ್ಲಿ ಸರಿ ಬಂದರೆ ಅದನ್ನು ತಿಂಗಳಿಗೊಮ್ಮೆ ಹಾಕಿದರೆ ಸಾಕು. ಆ ಜಾಗಕ್ಕೆ ಇನ್ನೂ ಬಿಗಿಯಾದ ಜೋಡಿ ತನ್ನಿ. ಸಸಿಗಳ ಲೆಕ್ಕವನ್ನೇ ತಿರುಗಿಸಿ: 10 ಸಾಲಿನಲ್ಲಿ ಒಟ್ಟು ಎಷ್ಟು ಸಸಿ ಅಂದರೆ ಉತ್ತರ 335, ಬರೀ ಶ್ರೇಢಿ. ಒಟ್ಟು 335 ಸಸಿ ಇವೆ, ಸಾಲುಗಳೆಷ್ಟು ಅಂದರೆ ಶ್ರೇಢಿಯಲ್ಲಿ ಶುರುವಾಗಿ 3n² + 37n − 670 = 0 ಅನ್ನುವ ವರ್ಗಸಮೀಕರಣಕ್ಕೆ ಬಂದು ನಿಲ್ಲುತ್ತದೆ. ಆ ಹುಡುಗ ಇದಕ್ಕೆ ‘ದಾರಿ’ ಅಂಕಣದಲ್ಲಿ ‘ಶ್ರೇಢಿ, ಆಮೇಲೆ ವರ್ಗ’ ಅಂತ ಬರೆದಿದ್ದ. n = 10 ಇಟ್ಟುಕೊಂಡು −67/3 ಹೊಡೆದುಹಾಕಿ, ಪಕ್ಕದಲ್ಲಿ ‘ಸಾಲು ಮೈನಸ್ ಇರಲ್ಲ’ ಅಂತ ಸೇರಿಸಿದ್ದ.