ಸೀಳಿದ ಬಕೆಟ್ಟಿಗೆ ಅದರದೇ ಚೂರಿನ ಬೆಸುಗೆ

ನಮ್ಮ ಬಚ್ಚಲಮನೆಯ 20 ಲೀಟರಿನ ನೀಲಿ ಬಕೆಟ್ ತಳದ ಅಂಚಿನಿಂದ ಮೇಲಕ್ಕೆ ಸುಮಾರು ನಾಲ್ಕು ಇಂಚು ಸೀಳಿತ್ತು. "ಮುನ್ನೂರು ರೂಪಾಯಿಗೆ ಹೊಸದು ಸಿಗುತ್ತೆ, ಗುಜರಿಗೆ ಹಾಕ್ರೀ" ಅಂದಳು ನನ್ನ ಹೆಂಡತಿ. ಮಿಕ್ಸಿ ರಿಪೇರಿ ಮಾಡುವ ಗೆಳೆಯನೂ ನಿಲ್ಲಲ್ಲ ಅಂದ. ಈಗ ಎಂಟು ತಿಂಗಳಾಯಿತು, ದಿನಾ ತುಂಬಿಸಿ ಎತ್ತುತ್ತೇವೆ, ಒಂದು ಹನಿ ಸೋರಿಲ್ಲ.

ಅದಕ್ಕೂ ಮುಂಚೆ ಗಮ್ಮಿಗೇ ನೂರೆಂಬತ್ತು ರೂಪಾಯಿ ಹೋಗಿತ್ತು. ಐದು ರೂಪಾಯಿಯ ಕ್ವಿಕ್ ಗಮ್ ಒಂದು ಸ್ನಾನಕ್ಕೂ ಬರಲಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಎಪಾಕ್ಸಿ ಹಚ್ಚಿದರೆ ನಾಲ್ಕು ದಿನ ನಿಂತು, ಆಮೇಲೆ ಇಡೀ ಪದರವಾಗಿ ಎದ್ದು ಬಂತು. ಗಮ್ಮು ಕಲ್ಲಿನಂತೆ ಗಟ್ಟಿಯಾಗಿತ್ತು, ಬಕೆಟ್ಟನ್ನು ಮಾತ್ರ ಹಿಡಿದಿರಲಿಲ್ಲ. ಆಗ ಬಕೆಟ್ ಮಗುಚಿ ನೋಡಿದೆ: ತ್ರಿಕೋನದೊಳಗೆ ಪ್ಲಾಸ್ಟಿಕ್ಕಿನ ಜಾತಿ ಹೇಳುವ ನಂಬರ್ 5, ಅಂದರೆ ಪಾಲಿಪ್ರೊಪಿಲೀನ್. ಇದಕ್ಕೂ, 2 ಮತ್ತು 4ರ ಪಾಲಿಥೀನಿಗೂ ಮಾಮೂಲಿ ಗಮ್ಮು ಹಿಡಿಯುವುದಿಲ್ಲ. ಕರಗಿಸಿಯೇ ಕೂಡಿಸಬೇಕು.

25 ವ್ಯಾಟಿನ ಸೋಲ್ಡರಿಂಗ್ ಐರನ್ ಇತ್ತು. ಮೊದಲ ಸಲ ಸೀಳಿನ ಮೇಲೆ ಸುಮ್ಮನೆ ಎಳೆದೆ. ಮೇಲಿನ ಪದರ ಮಾತ್ರ ಕೂಡಿ, ನೀರು ತುಂಬಿದೊಡನೆ ಬಿಟ್ಟಿತು. ಎರಡನೇ ಸಲ ಹಳೇ ಎಣ್ಣೆ ಕ್ಯಾನಿನ ಚೂರು ಕರಗಿಸಿ ತುಂಬಿದೆ. ನೋಡಲು ಚೆನ್ನಾಗಿತ್ತು, ಎರಡು ದಿನಕ್ಕೆ ಉಗುರಲ್ಲಿ ಎಬ್ಬಿಸಿದರೆ ದಾರದಂತೆ ಬಂತು. ಕ್ಯಾನ್ 2ರದ್ದು! 2 ಮತ್ತು 5 ಕರಗಿದರೂ ಒಂದಕ್ಕೊಂದು ಬೆರೆಯುವುದಿಲ್ಲ.

ಮೂರನೇ ಸಲ ಅದೇ ಬಕೆಟ್ಟಿನ ಬಾಯಂಚಿನ ಒಳಮಡಿಕೆಯಿಂದ ಬೆಂಕಿಕಡ್ಡಿ ದಪ್ಪದ ಎಳೆಗಳನ್ನು ಕೊಯ್ದುಕೊಂಡೆ. ಸೀಳು ಮುಂದೆ ಓಡದಂತೆ ಅದರ ತುದಿಯಲ್ಲಿ ಮೂರು ಮಿ.ಮೀ. ತೂತು ಕೊರೆದೆ. ಸೀಳಿನುದ್ದಕ್ಕೂ ಪ್ಲಾಸ್ಟಿಕ್ಕಿನ ದಪ್ಪದ ಅರ್ಧಕ್ಕಿಂತ ಹೆಚ್ಚು ಆಳದ ಕಾಲುವೆ ತೋಡಿ, ಎಳೆ ಮತ್ತು ಕಾಲುವೆಯ ಗೋಡೆ ಎರಡನ್ನೂ ಒಟ್ಟಿಗೆ ಕರಗಿಸುತ್ತಾ ಹೋದೆ. ಐರನ್ನಿನ ಬಿಸಿ ಇದಕ್ಕೆ ಅತಿಯಾಗುತ್ತದೆ, ಹಾಗಾಗಿ ಸ್ವಿಚ್ ಆಗಾಗ ಆರಿಸಬೇಕು. ಹೊಗೆ ಬಂದು ಕಂದಾದರೆ ಸುಟ್ಟಿತು ಅಂತ, ಕೆರೆದು ತೆಗೆಯಿರಿ. ಕಿಟಕಿ ತೆರೆದಿರಲಿ. ಒಳಗಿನಿಂದ ಅರ್ಧ ಇಂಚಿಗೊಂದು ಸ್ಟೇಪ್ಲರ್ ಪಿನ್ ಅಡ್ಡಲಾಗಿ ಹೂತು, ತುಕ್ಕು ಹಿಡಿಯದಂತೆ ಮೇಲೆ ಪ್ಲಾಸ್ಟಿಕ್ ಮುಚ್ಚಿದೆ. ಹೊರಗಿನ ಬೆಸುಗೆ ಕೈಗೆ ಸಿಗದಷ್ಟು ನುಣುಪಾಗಿದೆ. ಅದಕ್ಕೆ ಐರನ್ನಿನ ತುದಿಯನ್ನು ಹೇಗೆ ತಿದ್ದಿಕೊಂಡೆ ಅನ್ನೋದು ನನ್ನಲ್ಲೇ ಇರಲಿ.

ಹುರುಪಿನಲ್ಲಿ ಹಿಡಿ ಮುರಿದ ಪಾರದರ್ಶಕ ಮಗ್ಗಿಗೂ ಕೈ ಹಾಕಿದೆ. ನಂಬರೇ ಇರಲಿಲ್ಲ. ಒಂದು ಚೂರನ್ನು ಗುಳ್ಳೆ ನಿಲ್ಲದಂತೆ ನೀರೊಳಗೆ ಅದುಮಿ ಬಿಟ್ಟೆ, ಮುಳುಗಿತು. 5 ಮತ್ತು 2 ತೇಲುತ್ತವೆ. ಮುಳುಗಿದರೆ ಗಮ್ಮು ಹಾಕಿ ನೋಡಬಹುದು. ಅದೇ ಐದು ರೂಪಾಯಿಯ ಗಮ್ಮು ಹಿಡಿಯನ್ನು ನಿಮಿಷದಲ್ಲಿ ಕಚ್ಚಿತು.

ತಾರಸಿಯ ಮೇಲೆ ಮೂರ್ನಾಲ್ಕು ವರ್ಷ ಬಿಸಿಲುಂಡ ಬಕೆಟ್ ಮಾತ್ರ ಬಗ್ಗಲಿಲ್ಲ. ಉಗುರಲ್ಲಿ ಕೆರೆದರೆ ಬಿಳಿ ಪುಡಿ. ನನ್ನ ಬೆಸುಗೆ ನಿಂತಿತು, ಅದರ ಪಕ್ಕದಲ್ಲೇ ಹೊಸ ಸೀಳು ಬಿತ್ತು. ಅದನ್ನು ಮುಚ್ಚಿದರೆ ಇನ್ನೊಂದು. ಕೊನೆಗೆ ತಳಕ್ಕೆ ತೂತು ಕೊರೆದು ಕರಿಬೇವಿನ ಸಸಿ ನೆಟ್ಟೆ.