ಒಂದೇ ಪ್ರೋಟಾನ್ ಬಲ, ಮೂರು ಬಗೆಯ ಖರ್ಚು: ಇ. ಕೋಲೈಯಲ್ಲಿ ಬೇರ್ಪಡಿಸಿ ನೋಡುವ ಬಗೆ

ಪ್ರೋಟಾನ್‌ಗಳನ್ನು ಹೊರದೂಡಿ ಬ್ಯಾಕ್ಟೀರಿಯಾ ತನ್ನ ಪೊರೆಯಾಚೆ ಕಟ್ಟಿಕೊಳ್ಳುವ ಪ್ರೋಟಾನ್ ಚಾಲಕ ಬಲವನ್ನು ಹಾಳುಮಾಡಿದರೆ ಎಟಿಪಿ ತಯಾರಿಕೆ, ಈಜು, ಲ್ಯಾಕ್ಟೋಸ್ ಶೇಖರಣೆ ಮೂರೂ ನಿಲ್ಲುತ್ತವೆ. ಇದನ್ನು ತೋರಿಸುವುದು ಸುಲಭ. ಸಿಸಿಸಿಪಿ ಎಂಬ ಪ್ರೋಟಾನ್ ಸೋರಿಸುವ ರಾಸಾಯನಿಕವನ್ನು ಒಂದು ಹನಿ ಹಾಕಿದರೆ ಸಾಕು. ಆದರೆ ಅದರಿಂದ ತಿಳಿಯುವುದು ಕಡಿಮೆ. ಈಜು ನಿಂತದ್ದು ಪ್ರೋಟಾನ್ ಬಲ ಹೋಗಿದ್ದಕ್ಕೋ, ಆ ಬಲದಿಂದ ಆಗಬೇಕಿದ್ದ ಎಟಿಪಿ ಮುಗಿದದ್ದಕ್ಕೋ ಎಂಬುದನ್ನು ಸಿಸಿಸಿಪಿ ಒಂದೇ ಹೇಳಲಾರದು. ನಾವು ಇದನ್ನು ಬಿಡಿಸಿಕೊಳ್ಳುವ ಕ್ರಮ ಇಲ್ಲಿದೆ.

ಮೊದಲು ಲೆಕ್ಕ. ಹೊರಗಿನ ಪಿಎಚ್ 7.0 ಇದ್ದಾಗ ಇ. ಕೋಲೈ ಒಳಗಿನ ಪಿಎಚ್ ಸುಮಾರು 7.6. ಪೊರೆಯ ಒಳಬದಿ ಹೊರಬದಿಗಿಂತ ಋಣಾತ್ಮಕ. ಆ ವ್ಯತ್ಯಾಸವನ್ನು ಈ ಲೆಕ್ಕಕ್ಕೆ −135 ಮಿಲಿವೋಲ್ಟ್ ಎಂದಿಟ್ಟುಕೊಳ್ಳೋಣ. 25 ಡಿಗ್ರಿಯಲ್ಲಿ ಒಂದು ಪಿಎಚ್ ಅಂತರ 59 ಮಿಲಿವೋಲ್ಟ್‌ಗೆ ಸಮ. ಹಾಗಾಗಿ ಪ್ರೋಟಾನ್ ಬಲ Δp, ವಿದ್ಯುತ್ ಭಾಗ Δψ, ಒಳ-ಹೊರ ಪಿಎಚ್ ಅಂತರ ΔpH ಎಂದಾದರೆ:

```
Δp = Δψ − 59·ΔpH
   = −135 − (59 × 0.6) ≈ −170 mV
```

ಹೊರಗಿನ ಪಿಎಚ್ 7.6ಕ್ಕೆ ಏರಿದರೆ ಎರಡನೆಯ ಪದ ಸೊನ್ನೆಯಾಗಿ, ಉಳಿಯುವುದು ವಿದ್ಯುತ್ ಭಾಗ ಮಾತ್ರ. ಆದ್ದರಿಂದ ಬಫರ್‌ನ ಪಿಎಚ್ ಅನ್ನು ಪ್ರತಿ ದಿನ ಅಳೆದೇ ಬಳಸಬೇಕು. ಅದು ಅರ್ಧ ಅಂಕ ಜಾರಿದರೂ ನೀವು ಬೇರೆಯೇ ಪ್ರಯೋಗ ಮಾಡುತ್ತಿರುತ್ತೀರಿ.

ಈ 170 ಮಿಲಿವೋಲ್ಟ್ ಅನ್ನು ಮೂರು ಯಂತ್ರಗಳು ಮೂರು ರೀತಿಯಲ್ಲಿ ಬಳಸುತ್ತವೆ. ಇ. ಕೋಲೈಯ ಎಟಿಪಿ ಸಿಂಥೇಸ್‌ನ ಚಕ್ರದಲ್ಲಿ 10 ಸಿ-ಘಟಕಗಳಿವೆ. ಒಂದು ಸುತ್ತಿಗೆ 10 ಪ್ರೋಟಾನ್ ಒಳಬಂದು 3 ಎಟಿಪಿ ಆಗುತ್ತವೆ, ಅಂದರೆ ಒಂದಕ್ಕೆ 3.3 ಪ್ರೋಟಾನ್. 170 ಮಿಲಿವೋಲ್ಟ್‌ನಲ್ಲಿ ಅಷ್ಟು ಪ್ರೋಟಾನ್‌ಗಳು ಕೊಡುವ ಶಕ್ತಿ ಮೋಲ್‌ಗೆ ಸುಮಾರು 55 ಕಿಲೋಜೂಲ್. ಜೀವಂತ ಕೋಶದಲ್ಲಿ ಎಟಿಪಿ ಕಟ್ಟಲು ಸುಮಾರು 50 ಬೇಕು. ಬಲ 120ಕ್ಕೆ ಇಳಿದರೆ ಸಿಗುವುದು 39 ಮಾತ್ರ. ಆಗ ಸಿಂಥೇಸ್ ನಿಧಾನವಾಗುವುದಷ್ಟೇ ಅಲ್ಲ, ಹಿಮ್ಮುಖ ತಿರುಗಿ ಇದ್ದ ಎಟಿಪಿಯನ್ನೇ ಒಡೆದು ಪ್ರೋಟಾನ್ ಹೊರದೂಡತೊಡಗುತ್ತದೆ. ಕೋಶವನ್ನು ಈಜಿಸುವ ಕಶಾಂಗದ ಮೋಟಾರಿಗೆ ಇಂಥ ಹೊಸ್ತಿಲಿಲ್ಲ. ಅದರ ವೇಗ ಬಲಕ್ಕೆ ನೇರ ಅನುಪಾತದಲ್ಲಿ ಇಳಿಯುತ್ತದೆ ಎಂದು ಹೊವಾರ್ಡ್ ಬರ್ಗ್ ಪ್ರಯೋಗಾಲಯ 2003ರಲ್ಲಿ ತೋರಿಸಿತು. 120ರಲ್ಲಿ ಅದು ಶೇ 70ರಷ್ಟು ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಲ್ಯಾಕ್ಟೋಸ್ ಪರ್ಮಿಯೇಸ್ ಒಂದು ಪ್ರೋಟಾನ್ ಜೊತೆ ಒಂದು ಸಕ್ಕರೆ ಅಣುವನ್ನು ಒಳತರುತ್ತದೆ. ಹಾಗಾಗಿ ಪ್ರತಿ 59 ಮಿಲಿವೋಲ್ಟ್ ಒಳಗಿನ ಸಾಂದ್ರತೆಯನ್ನು ಗರಿಷ್ಠ ಹತ್ತು ಪಟ್ಟು ಏರಿಸಬಲ್ಲದು. 170ರಲ್ಲಿ ಮಿತಿ ಸುಮಾರು 760 ಪಟ್ಟು, 120ರಲ್ಲಿ ಸುಮಾರು 100 ಪಟ್ಟು.

ಎಟಿಪಿಯನ್ನು ಬಿಟ್ಟು ಈಜನ್ನು ನೋಡುವ ಉಪಾಯ ಹಳೆಯದು. 1974ರಲ್ಲಿ ವಿಸ್ಕಾನ್ಸಿನ್‌ನ ಜೂಲಿಯಸ್ ಅಡ್ಲರ್ ಗುಂಪು ಆರ್ಸೆನೇಟ್ ಬಳಸಿ ಇದನ್ನು ಮಾಡಿತು. ಆರ್ಸೆನೇಟ್ ಫಾಸ್ಫೇಟ್‌ನ ಜಾಗದಲ್ಲಿ ಕೂರುತ್ತದೆ. ಅದರಿಂದಾದ ಸಂಯುಕ್ತ ತಾನಾಗಿಯೇ ಒಡೆಯುತ್ತದೆ. ಉಸಿರಾಟ ನಡೆಯುತ್ತದೆ, ಪ್ರೋಟಾನ್ ಹೊರಹೋಗುತ್ತದೆ, ಎಟಿಪಿ ಮಾತ್ರ ಉಳಿಯುವುದಿಲ್ಲ.

ನಾವು ಬಳಸುವ ತಳಿ ಆರ್‌ಪಿ437. ಶೇ 1 ಟ್ರಿಪ್ಟೋನ್ ಮತ್ತು ಶೇ 0.5 ಉಪ್ಪಿನ ಮಾಧ್ಯಮದಲ್ಲಿ 30 ಡಿಗ್ರಿಯಲ್ಲಿ ಬೆಳೆಸಿ, ಕೋಶಗಳ ದಟ್ಟತೆ ತೋರಿಸುವ ಒಡಿ 0.5 ಬಂದಾಗ ತೆಗೆಯಿರಿ. ಗ್ಲೂಕೋಸ್ ಹಾಕಬೇಡಿ, ಅದು ಕಶಾಂಗದ ಜೀನ್‌ಗಳನ್ನು ಅಡಗಿಸುತ್ತದೆ. ರಾತ್ರಿಯಿಡೀ ಬೆಳೆದ ಕಲ್ಚರ್ ಕೂಡ ಬೇಡ. 1,500 ಜಿಯಲ್ಲಿ 8 ನಿಮಿಷ ತಿರುಗಿಸಿ, ಮೇಲಿನ ದ್ರವ ಚೆಲ್ಲಿ, ಗುಳಿಗೆಯನ್ನು ಟ್ಯೂಬ್ ಅಲುಗಿಸಿ ಮಾತ್ರ ಕರಗಿಸಿ. ವೋರ್ಟೆಕ್ಸ್‌ಗೆ ಹಿಡಿದರೆ, ಇಲ್ಲವೇ ಸಣ್ಣ ತುದಿಯ ಪಿಪೆಟ್‌ನಲ್ಲಿ ಎಳೆದು ಬಿಟ್ಟರೆ ಕಶಾಂಗಗಳು ಮುರಿದುಹೋಗುತ್ತವೆ. ಆಮೇಲೆ ಯಾವ ಔಷಧಿ ಹಾಕುವ ಮೊದಲೇ ಅರ್ಧ ಕೋಶಗಳು ನಿಂತಿರುತ್ತವೆ.

ತೊಳೆಯುವ ಬಫರ್‌ನಲ್ಲೇ ದೊಡ್ಡ ಬಲೆ ಇದೆ. ಈಜು ನೋಡಲು ಎಲ್ಲರೂ ಬಳಸುವುದು ಪೊಟ್ಯಾಸಿಯಂ ಫಾಸ್ಫೇಟ್ ಬಫರ್. ಅದರಲ್ಲಿ ಆರ್ಸೆನೇಟ್ ಹಾಕಿದರೆ ಫಾಸ್ಫೇಟ್ ಅದರೊಂದಿಗೆ ಪೈಪೋಟಿಗಿಳಿಯುತ್ತದೆ, ಎಟಿಪಿ ಇಳಿಯುವುದಿಲ್ಲ. ಆಮೇಲೆ ಆರ್ಸೆನೇಟ್ ಹಳತಾಗಿದೆ ಎಂದು ಹೊಸ ಬಾಟಲಿ ತರಿಸುತ್ತೇವೆ! ಆದ್ದರಿಂದ ಫಾಸ್ಫೇಟ್ ಇಲ್ಲದ ಬಫರ್ ಮಾಡಿಕೊಳ್ಳಿ: 10 ಮಿಲಿಮೋಲಾರ್ ಹೆಪಿಸ್, ಪಿಎಚ್ 7.0, 70 ಮಿಲಿಮೋಲಾರ್ ಉಪ್ಪು, 0.1 ಮಿಲಿಮೋಲಾರ್ ಇಡಿಟಿಎ, 10 ಮಿಲಿಮೋಲಾರ್ ಸೋಡಿಯಂ ಲ್ಯಾಕ್ಟೇಟ್. ಇಡಿಟಿಎ ಈಜಿಗೆ ಅಡ್ಡಿಯಾಗುವ ಲೋಹದ ಅಯಾನ್‌ಗಳನ್ನು ಹಿಡಿದಿಡುತ್ತದೆ. ಲ್ಯಾಕ್ಟೇಟ್ ಉಸಿರಾಟಕ್ಕೆ ಉರುವಲು. ಎರಡು ಬಾರಿ ತೊಳೆದು ಒಡಿ 0.1ಕ್ಕೆ ತೆಳುಮಾಡಿ, ಅರ್ಧ ಗಂಟೆ ತಟ್ಟೆಯಲ್ಲಿ ತೆಳ್ಳಗೆ ಹರಡಿಡಿ.

ನಾಲ್ಕು ಟ್ಯೂಬ್ ಸಾಕು. ಮೊದಲನೆಯದಕ್ಕೆ ಶೇ 0.2 ಎಥನಾಲ್ ಮಾತ್ರ. ಎರಡನೆಯದಕ್ಕೆ 20 ಮೈಕ್ರೋಮೋಲಾರ್ ಸಿಸಿಸಿಪಿ, ಅಂದರೆ ಎಥನಾಲ್‌ನಲ್ಲಿ ಕರಗಿಸಿದ 10 ಮಿಲಿಮೋಲಾರ್ ದ್ರಾವಣ 1 ಮಿಲಿಲೀಟರ್‌ಗೆ 2 ಮೈಕ್ರೋಲೀಟರ್. ಮೂರನೆಯದಕ್ಕೆ ಪಿಎಚ್ 7ಕ್ಕೆ ಸರಿಪಡಿಸಿದ 10 ಮಿಲಿಮೋಲಾರ್ ಆರ್ಸೆನೇಟ್ ಹಾಕಿ 15 ನಿಮಿಷ ಬಿಡಿ. ನಾಲ್ಕನೆಯದಕ್ಕೆ ಆರ್ಸೆನೇಟ್ ಹಾಕಿ 15 ನಿಮಿಷದ ನಂತರ ಸಿಸಿಸಿಪಿ. ಮೂರನೆಯದಕ್ಕೂ ಆ ಹೊತ್ತಿಗೆ ಅಷ್ಟೇ ಎಥನಾಲ್ ಸೇರಿಸಿ.

ಮೊದಲ ಟ್ಯೂಬ್‌ನಲ್ಲಿ ಕೋಶಗಳು ಸೆಕೆಂಡಿಗೆ ಸುಮಾರು 20 ಮೈಕ್ರೋಮೀಟರ್ ಓಡಿ, ತಟಕ್ಕನೆ ಮಗುಚಿ, ದಿಕ್ಕು ಬದಲಿಸುತ್ತವೆ. ಎರಡನೆಯದರಲ್ಲಿ ಒಂದು ನಿಮಿಷದೊಳಗೆ ಎಲ್ಲವೂ ನಿಂತು ಬರೀ ನಡುಗುತ್ತಿರುತ್ತವೆ. ಮೂರನೆಯದು ನೋಡಲು ಚೆಂದ: ಕೋಶಗಳು ಈಜುತ್ತವೆ, ಆದರೆ ಮಗುಚುವುದಿಲ್ಲ, ನೇರ ಓಟ ಮಾತ್ರ. ಮಗುಚಲು ಚೆ-ವೈ ಪ್ರೋಟೀನಿಗೆ ಫಾಸ್ಫೇಟ್ ಅಂಟಬೇಕು, ಅದು ಬರುವುದು ಎಟಿಪಿಯಿಂದ. ಎಟಿಪಿ ಹೋದ ಮೇಲೆ ಮೋಟಾರು ಒಂದೇ ದಿಕ್ಕಿಗೆ ತಿರುಗುತ್ತದೆ. ಹೀಗೆ ಸೂಕ್ಷ್ಮದರ್ಶಕದಲ್ಲೇ ಎಟಿಪಿ ಮುಗಿದದ್ದೂ ಮೋಟಾರು ತಿರುಗುತ್ತಿರುವುದೂ ಒಟ್ಟಿಗೆ ಕಾಣುತ್ತವೆ. ನಾಲ್ಕನೆಯದರಲ್ಲಿ ಆ ನೇರ ಓಟವೂ ನಿಲ್ಲುತ್ತದೆ. ಮೋಟಾರಿಗೆ ಬೇಕಿರುವುದು ಪ್ರೋಟಾನ್ ಎಂದು ಹೇಳಬಹುದಾದದ್ದು ಮೂರು ಮತ್ತು ನಾಲ್ಕನ್ನು ಹೋಲಿಸಿದ ಮೇಲೆಯೇ.

ಎಟಿಪಿಯನ್ನು ಅಂಕಿಯಲ್ಲೂ ನೋಡಬೇಕು. 100 ಮೈಕ್ರೋಲೀಟರ್ ಮಾದರಿಯನ್ನು ಅಷ್ಟೇ ಪ್ರಮಾಣದ ತಣ್ಣನೆಯ ಶೇ 10 ಟ್ರೈಕ್ಲೋರೋಅಸಿಟಿಕ್ ಆಮ್ಲಕ್ಕೆ ನೇರ ಸುರಿಯಿರಿ. ಮೊದಲು ಕೋಶಗಳನ್ನು ತಿರುಗಿಸಿ ಕೂಡಿಸಿಕೊಳ್ಳೋಣ ಎಂದರೆ ಕೆಟ್ಟಿತು. ಕೋಶದ ಎಟಿಪಿ ದಾಸ್ತಾನು ಸೆಕೆಂಡುಗಳಲ್ಲಿ ಖರ್ಚಾಗಿ ತುಂಬುವಂಥದ್ದು. ಸೆಂಟ್ರಿಫ್ಯೂಜ್‌ನ ತಳದಲ್ಲಿ ಆಮ್ಲಜನಕವಿಲ್ಲದೆ ಕೂತ ಕೋಶದ ಅಂಕಿಗೆ ಅರ್ಥವಿಲ್ಲ. ನಂತರ 50 ಪಟ್ಟು ತೆಳುಮಾಡಿ ಎಟಿಪಿ ಇದ್ದಷ್ಟು ಬೆಳಕು ಕೊಡುವ ಲೂಸಿಫೆರೇಸ್‌ಗೆ ಕೊಡಿ. ಆಮ್ಲ ಲೂಸಿಫೆರೇಸ್ ಅನ್ನು ಕುಂದಿಸುವುದರಿಂದ ಮಾನಕ ದ್ರಾವಣಗಳಲ್ಲೂ ಅಷ್ಟೇ ಆಮ್ಲವಿರಲಿ. ಅಂಕಿ ಸರಿಯಿದೆಯೇ ಎಂದು ತಿಳಿಯಲು: ಒಂದು ಕೋಶ ಸುಮಾರು 1 ಫೆಮ್ಟೋಲೀಟರ್, ಒಳಗೆ ಸುಮಾರು 3 ಮಿಲಿಮೋಲಾರ್ ಎಟಿಪಿ. ಮಿಲಿಲೀಟರ್‌ಗೆ 10 ಕೋಟಿ ಕೋಶಗಳಿದ್ದರೆ ಮೂಲ ಮಾದರಿಯಲ್ಲಿ 0.3 ಮೈಕ್ರೋಮೋಲಾರ್ ಆಸುಪಾಸು ಬರಬೇಕು. ಹತ್ತು ಪಟ್ಟು ಕಡಿಮೆ ಬಂದರೆ ಮಾದರಿ ತೆಗೆಯುವುದರಲ್ಲಿ ತಡವಾಗಿದೆ ಎಂದೇ ನಮ್ಮ ಮೊದಲ ಅನುಮಾನ.

ಈಜು ಸುಳ್ಳು ಹೇಳುವ ಸಂದರ್ಭಗಳಲ್ಲಿ ಹೆಚ್ಚಿನವು ಆಮ್ಲಜನಕದಿಂದ ಬರುತ್ತವೆ. ಒಡಿ 1ರ ಕೋಶಗಳು ಲ್ಯಾಕ್ಟೇಟ್ ಇದ್ದಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತವೆ. ಕವರ್‌ಸ್ಲಿಪ್ ಮುಚ್ಚಿದ ಮೇಲೆ ನಡುವಿನವು ನಿಂತು, ಅಂಚಿನವು ಮತ್ತು ಗಾಳಿಗುಳ್ಳೆಯ ಸುತ್ತಲಿನವು ಮಾತ್ರ ಈಜುತ್ತಿದ್ದರೆ ಅದು ಸಿಸಿಸಿಪಿಯ ಕೆಲಸವಲ್ಲ. ಇನ್ನೊಂದು, ಗಾಜಿಗೆ ಕೋಶ ಅಂಟದಿರಲೆಂದು ಅಲ್ಬುಮಿನ್ ಬಳಿಯುವ ಅಭ್ಯಾಸ. ಅಲ್ಬುಮಿನ್ ಸಿಸಿಸಿಪಿಯನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಇಲ್ಲಿ ಬೇಡ. ಮರ್ಕ್ಯಾಪ್ಟೋಎಥನಾಲ್‌ನಂಥ ಥಯೋಲ್‌ಗಳೂ ಸಿಸಿಸಿಪಿಯನ್ನು ನಿಷ್ಕ್ರಿಯಗೊಳಿಸುತ್ತವೆ. ಇದನ್ನು ಉಪಯೋಗಕ್ಕೂ ತಂದುಕೊಳ್ಳಬಹುದು: ಎರಡನೆಯ ಟ್ಯೂಬ್‌ಗೆ ಅದನ್ನು ಹಾಕಿದಾಗ ಈಜು ಮರಳಿದರೆ ಕೋಶಗಳು ಸತ್ತಿರಲಿಲ್ಲ ಎಂದಾಯಿತು.

ಇನ್ನು ಸಕ್ಕರೆ. ಲ್ಯಾಕ್ಟೋಸ್ ಸೇವನೆಗೆ, ಒಡೆದಾಗ ಹಳದಿಯಾಗುವ ಲ್ಯಾಕ್ಟೋಸ್‌ನಂಥ ಒಎನ್‌ಪಿಜಿ ಹಾಕಿ ಹಳದಿ ಬಣ್ಣ ಅಳೆಯುವುದು ಅಗ್ಗದ ದಾರಿ, ಆದರೆ ಈ ಪ್ರಶ್ನೆಗೆ ತಪ್ಪು ದಾರಿ. ಒಎನ್‌ಪಿಜಿ ಒಳಬಂದ ಕೂಡಲೇ ಒಡೆಯುವುದರಿಂದ ಅದು ಸದಾ ಇಳಿಜಾರಿನಲ್ಲೇ ಹರಿಯುತ್ತದೆ. ಪ್ರೋಟಾನ್ ಬಲವಿಲ್ಲದಿದ್ದರೂ ಹಳದಿ ಬರುತ್ತದೆ. ವಿಕಿರಣ ಗುರುತಿನ ಸಕ್ಕರೆ ಸಿಗದ ಕಡೆ ನಾವು ಇಯಾನ್ ವೆಸ್ಟ್ 1970ರಲ್ಲಿ ತೋರಿಸಿದ ಪ್ರಯೋಗಕ್ಕೆ ಮೊರೆಹೋಗುತ್ತೇವೆ. ಅದಕ್ಕೆ ಬೇಕಿರುವ ಮುಖ್ಯ ಉಪಕರಣ ಒಂದು ಸೂಕ್ಷ್ಮ ಪಿಎಚ್ ಎಲೆಕ್ಟ್ರೋಡ್. ಸಕ್ಕರೆಯ ಜೊತೆ ಪ್ರೋಟಾನ್ ಒಳಹೋದರೆ ಹೊರಗಿನ ಪಿಎಚ್ ಏರಲೇಬೇಕು.

ಇಲ್ಲಿ ತಳಿ ಬದಲಿಸಬೇಕು. ಆರ್‌ಪಿ437ಯ ಲ್ಯಾಕ್-ವೈ ಜೀನ್ ಕೆಟ್ಟಿದೆ, ಪರ್ಮಿಯೇಸೇ ಇಲ್ಲ. ಎಂಜಿ1655 ತೆಗೆದುಕೊಂಡು 0.5 ಮಿಲಿಮೋಲಾರ್ ಐಪಿಟಿಜಿಯಿಂದ ಪರ್ಮಿಯೇಸ್ ಎಬ್ಬಿಸಿ, ಚೆನ್ನಾಗಿ ತೊಳೆಯಿರಿ. 150 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಬಫರ್ ಇಲ್ಲದೆ, ಒಡಿ 20ರಷ್ಟು ದಟ್ಟವಾಗಿ, 2.5 ಮಿಲಿಲೀಟರ್ ಇಡಿ. ಅದಕ್ಕೂ ಮೊದಲು ಒಂದೆರಡು ಗಂಟೆ ಉರುವಲಿಲ್ಲದೆ ಕುಲುಕಿ ಉಪವಾಸ ಕೆಡವಿ, ಆಮೇಲೆ ನೈಟ್ರೋಜನ್ ಹಾಯಿಸಿ. ಉಸಿರಾಡುವ ಕೋಶ ಒಳಬಂದ ಪ್ರೋಟಾನನ್ನು ಅಲ್ಲಿಂದಲೇ ಹೊರದಬ್ಬುತ್ತದೆ, ಆಗ ಏನೂ ಕಾಣುವುದಿಲ್ಲ. 30 ಮಿಲಿಮೋಲಾರ್ ಪೊಟ್ಯಾಸಿಯಂ ಥಯೋಸಯನೇಟ್ ಕೂಡ ಬೇಕು. ಪ್ರತಿ ಪ್ರೋಟಾನ್ ಒಂದು ಧನ ವಿದ್ಯುದಂಶ ತರುವುದರಿಂದ ಬೇಗನೆ ಪೊರೆಯೇ ಎದುರು ನಿಲ್ಲುತ್ತದೆ. ಥಯೋಸಯನೇಟ್ ಜೊತೆಗೇ ಒಳನುಗ್ಗಿ ಆ ಲೆಕ್ಕ ಸರಿದೂಗಿಸುತ್ತದೆ.

ಪರ್ಮಿಯೇಸ್ ಒಳತರುವ, ಆದರೆ ಕೋಶದೊಳಗೆ ಒಡೆಯದ ಸಕ್ಕರೆ ಟಿಎಂಜಿಯ 250 ಮಿಲಿಮೋಲಾರ್ ದ್ರಾವಣವನ್ನು 50 ಮೈಕ್ರೋಲೀಟರ್ ಚುಚ್ಚಿ. ಪಿಎಚ್ ಕೆಲವು ನೂರನೆಯ ಅಂಶಗಳಷ್ಟೇ ಏರುತ್ತದೆ. ಹಾಗಾಗಿ ಟಿಎಂಜಿ ದ್ರಾವಣಕ್ಕೂ ನೈಟ್ರೋಜನ್ ಹಾಯಿಸಿ, ಕೋಶದ ದ್ರವದ ಪಿಎಚ್‌ಗೇ ಅದನ್ನು ತಂದಿರಬೇಕು. ಇಲ್ಲವಾದರೆ ಅಳೆಯುವುದು ಅದರೊಳಗಿನ ಆಮ್ಲಜನಕದ ಪರಿಣಾಮವನ್ನು. ಕೊನೆಗೆ 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 5 ಮೈಕ್ರೋಲೀಟರ್, ಅಂದರೆ 50 ನ್ಯಾನೋಮೋಲ್, ಹಾಕಿ ಗೆರೆ ಎಷ್ಟು ಇಳಿಯಿತೆಂದು ನೋಡಿದರೆ ಏರಿಕೆಯನ್ನು ಪ್ರೋಟಾನ್ ಲೆಕ್ಕಕ್ಕೆ ತಿರುಗಿಸಬಹುದು. ಸಿಸಿಸಿಪಿ ಹಾಕಿದ ಕೋಶಗಳಲ್ಲಿ ಈ ಏರಿಕೆ ಮಾಯವಾಗುತ್ತದೆ. ಸಕ್ಕರೆ ಒಳಹೋದರೂ ಪ್ರೋಟಾನ್ ಪೊರೆಯಲ್ಲೇ ವಾಪಸು ಸೋರಿಬರುತ್ತದೆ. ಬೆಳಗ್ಗೆ ಈಜಿಗೆ ಬಳಸಿದ ಆರ್‌ಪಿ437ಯನ್ನೂ ಇದೇ ದಟ್ಟತೆಯಲ್ಲಿ ಇಟ್ಟು ಟಿಎಂಜಿ ಚುಚ್ಚಿ ನೋಡಿ. ಅದರಲ್ಲೂ ಗೆರೆ ಏರಿದರೆ ನೀವು ಬರೆದುಕೊಂಡ ಅಂಕಿ ಪರ್ಮಿಯೇಸ್‌ದಲ್ಲ, ಚುಚ್ಚಿದ ದ್ರಾವಣದ್ದು.